ಸಹಾಯ ಬೇಕು: ಮಳೆಗಾಲ ದಾಟಿಸಲು ಅವರೆಕಾಳನ್ನು ಯಾವುದರಲ್ಲಿ ತುಂಬಿಡಲಿ?

ನಮಸ್ಕಾರ. ನಮ್ಮದು ಕೋಲಾರದ ಶ್ರೀನಿವಾಸಪುರ ಕಡೆ. ಜನವರಿಯಲ್ಲಿ ಒಂದೂವರೆ ಕ್ವಿಂಟಲ್ ಒಣ ಅವರೆಕಾಳನ್ನು ಮೂರು ಪಾಲು ಮಾಡಿ ಇಟ್ಟಿದ್ದೆವು.

ಗೋಣಿಚೀಲದ್ದು ಪೂರ್ತಿ ಹಾಳು. ಕಾಳಿನ ಮೇಲೆ ಬಿಳಿ ಚುಕ್ಕೆಯಂಥ ಮೊಟ್ಟೆ, ದುಂಡನೆ ತೂತು, ತಳದಲ್ಲಿ ಹಿಟ್ಟು. ಪಕ್ಕದ ಚೀಲದ ರಾಗಿ ಮಾತ್ರ ಚೆನ್ನಾಗಿದೆ, ಅದಕ್ಕೆ ಹುಳ ಬೀಳೋದೇ ಕಡಿಮೆ ಅಲ್ವಾ.

ಸ್ಟೀಲ್ ಡ್ರಮ್‌ನಲ್ಲಿ ಹುಳ ಕಡಿಮೆ. ಆದರೆ ಅದು ಶೀಟ್ ಮನೆಯಲ್ಲಿ ಗೋಡೆಗೆ ತಾಗಿಕೊಂಡಿತ್ತು. ರಾತ್ರಿ ತಗಡು ತಣ್ಣಗಾದಾಗ ಮುಚ್ಚಳದ ಒಳಗೆ ನೀರು ಹನಿಗಟ್ಟಿ, ಮೇಲಿನ ನಾಲ್ಕು ಬೆರಳು ಕಾಳು ಬೂಷ್ಟು ಹಿಡಿಯಿತು.

ಪ್ಲಾಸ್ಟಿಕ್ ಡ್ರಮ್ ಬಗ್ಗೆಯೇ ನನ್ನ ಗೊಂದಲ. ಮೊದಲ ಮೂರು ತಿಂಗಳು ಒಂದು ಹುಳವೂ ಇರಲಿಲ್ಲ. ಆಮೇಲೆ ಅಡುಗೆಗೆ ಅಂತ ವಾರಕ್ಕೊಮ್ಮೆ ತೆಗೆದೆವು, ಅರ್ಧ ಖಾಲಿಯಾಯಿತು, ಹುಳ ಶುರು. ಬಹುಶಃ ಮೊಟ್ಟೆ ಹೊಲದಿಂದಲೇ ಬಂದಿತ್ತು, ಗಾಳಿ ಸಿಕ್ಕಾಗ ಬೆಳೆಯಿತು.

ಈ ಸಲ ಕಚ್ಚಿದರೆ ಟಕ್ ಅನ್ನೋವರೆಗೆ ಒಣಗಿಸಿ, ಒಂದಿಷ್ಟು ಕಾಳನ್ನು ಒಣ ಉಪ್ಪಿನ ಜೊತೆ ಗಾಜಿನ ಬಾಟಲಿಯಲ್ಲಿ ಕುಲುಕಿ ನೋಡುತ್ತೇನೆ. ಉಪ್ಪು ಗಾಜಿಗೆ ಅಂಟಿದರೆ ಇನ್ನೂ ಪಸೆ ಇದೆ ಅಂತ.

ದೊಡ್ಡ ಡ್ರಮ್ ಬದಲು 20 ಕೆಜಿಯ ಸಣ್ಣ ಡ್ರಮ್‌ಗಳನ್ನು ಬಾಯಿವರೆಗೂ ತುಂಬಿ, ಒಂದೊಂದಾಗಿ ತೆಗೆದರೆ ಸರಿಹೋಗುತ್ತಾ? ಮುಚ್ಚಳಕ್ಕೆ ರಬ್ಬರ್ ವಾಷರ್ ಸಾಕಾ, ಮೇಣವೂ ಬೇಕಾ? ಮಾಡಿ ನೋಡಿದವರು ಹೇಳಿ. ಹುಳ ಸಾಯಿಸೋ ವಿಷದ ಮಾತ್ರೆ ಇಡಿ ಅನ್ನಬೇಡಿ, ನಾವು ಮಲಗೋದೂ ಅದೇ ಕೋಣೆಯಲ್ಲಿ.