ಬಾಡಿಗೆ ಕಟ್ಟಡಕ್ಕೆ ಟ್ರಸ್ಟ್ ಮಾಡಿದರೆ ತೆರಿಗೆ ಕಟ್ಟೋರು ಯಾರು?

ವಿ.ಸಿ. ಫಾರಂ ತಾತ:
ಮಂಡ್ಯದವನು, ನಿವೃತ್ತ. ಮೈಸೂರಿನ ವಿಜಯನಗರದಲ್ಲಿ ನನ್ನದೊಂದು ಕಟ್ಟಡ ಇದೆ. ಬ್ಯಾಂಕಿಗೆ ಬಾಡಿಗೆ ಕೊಟ್ಟಿದ್ದೀನಿ, ತಿಂಗಳಿಗೆ 60,000. ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ, ಮಗಳಿಗೆ ಸ್ವಂತ ವರಮಾನ ಇಲ್ಲ. ಇಬ್ಬರ ಸಲುವಾಗಿ ಟ್ರಸ್ಟ್ ಪತ್ರ ಬರೆಸಿದ್ದೀನಿ, ನೋಂದಣಿ ಇನ್ನೂ ಆಗಿಲ್ಲ. ನಾನು ಬದುಕಿರೋವರೆಗೂ ರದ್ದು ಮಾಡೋ ಹಕ್ಕು ನನಗೆ. ಬಾಡಿಗೆ ದುಡ್ಡಲ್ಲಿ ಯಾರಿಗೆ ಎಷ್ಟು ಅನ್ನೋದು ಟ್ರಸ್ಟಿಗಳ ಇಷ್ಟ. ಹೀಗಿದ್ದರೆ ತೆರಿಗೆ ಯಾರ ತಲೆಗೆ?

ಮದ್ದೂರು ವಡೆ:
ತಾತ, ಟ್ರಸ್ಟಿಗಳ ಇಷ್ಟ ಅಂತ ಬರೆದ ಮೇಲೆ ಮುಗೀತು. ಅದು ಡಿಸ್ಕ್ರೀಷನರಿ ಟ್ರಸ್ಟ್. ಮೊದಲ ರೂಪಾಯಿಯಿಂದಲೇ ಗರಿಷ್ಠ ದರ, 30 ಪರ್ಸೆಂಟು ಪ್ಲಸ್ ಸೆಸ್. ಟ್ರಸ್ಟ್ ಕಟ್ಟಿ ಮಿಕ್ಕಿದ್ದನ್ನ ಮಕ್ಕಳಿಗೆ ಕೊಟ್ಟರೆ ಅವರೂ ಇನ್ನೊಂದು ಸಲ ಕಟ್ಟಬೇಕು. ನಮ್ಮ ಚಿಕ್ಕಪ್ಪ ಇದೇ ಲೆಕ್ಕ ಕೇಳಿ ಕೈಬಿಟ್ಟರು.

ಗಂಜಾಂ ಹುಡುಗ:
ಟ್ರಸ್ಟಿಗೆ ತೆರಿಗೆ ಇಲ್ಲವಲ್ಲ? ನಮ್ಮೂರ ದೇವಸ್ಥಾನದ ಟ್ರಸ್ಟ್ ತೆರಿಗೆ ವಿನಾಯಿತಿಗೆ 12ಎ ನೋಂದಣಿ ಮಾಡಿಸಿದೆ, ಒಂದು ಪೈಸೆ ಕಟ್ಟಲ್ಲ.

ಲಕ್ಷ್ಮೀಪುರಂ ಲೆಕ್ಕ:
ಗಂಜಾಂನವರೇ, ಅದು ಧರ್ಮಾರ್ಥ ಟ್ರಸ್ಟ್. ತಾತನದು ಸ್ವಂತ ಮಕ್ಕಳಿಗೆ ಮಾಡೋ ಖಾಸಗಿ ಟ್ರಸ್ಟ್. ಆ ವಿನಾಯಿತಿ ಇಲ್ಲಿಗೆ ಬರಲ್ಲ.

ಮದ್ದೂರಿನವರೇ, ನೀವು ಎರಡನೇ ಷರತ್ತಿನಿಂದ ಶುರು ಮಾಡಿದ್ರಿ. ಮೊದಲು ನೋಡಬೇಕಾದ್ದು ರದ್ದಿನ ಹಕ್ಕು. ಕೊಟ್ಟವರು ವಾಪಸ್ ತಗೋಬಹುದು ಅಂತಿದ್ದರೆ ಸೆಕ್ಷನ್ 61ರ ಪ್ರಕಾರ ಆ ಆಸ್ತಿಯ ವರಮಾನ ಪೂರ್ತಿ ಕೊಟ್ಟವರದೇ. ದುಡ್ಡು ಮಗಳ ಖಾತೆಗೆ ಹೋದರೂ ಸರಿ, ಟ್ರಸ್ಟಿಗಳು ಹಂಚದೆ ಇಟ್ಟುಕೊಂಡರೂ ಸರಿ. ಆದ್ದರಿಂದ ಈ ಪತ್ರ ಹೀಗೇ ಇದ್ದರೆ ಬಾಡಿಗೆ ತಾತನ ರಿಟರ್ನ್‌ಗೇ ಸೇರುತ್ತೆ. ಟ್ರಸ್ಟಿಗಳ ಇಷ್ಟ ಅನ್ನೋ ಮಾತು, ಗರಿಷ್ಠ ದರದ ಸೆಕ್ಷನ್ 164, ಇವೆಲ್ಲ ಆ ಹಕ್ಕು ಇರೋವರೆಗೂ ಬದಿಗೆ ನಿಲ್ಲುತ್ತವೆ.

ಎರಡು ಸಲ ತೆರಿಗೆ ಅನ್ನೋದೂ ಸರಿಯಲ್ಲ. ಒಂದೇ ವರಮಾನಕ್ಕೆ ಟ್ರಸ್ಟಿಯನ್ನೋ ಫಲಾನುಭವಿಯನ್ನೋ, ಒಬ್ಬರನ್ನು ಹಿಡೀಬೇಕು, ಇಬ್ಬರನ್ನೂ ಅಲ್ಲ ಅಂತ ತೆರಿಗೆ ಮಂಡಳಿ 1974ರಲ್ಲೇ ಸುತ್ತೋಲೆ ಹೊರಡಿಸಿದೆ.

ಸೆಕ್ಷನ್ ನಂಬರುಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ, ಅಲ್ಲಿ ನಂಬರು ಬೇರೆ. ತಾತ, ನಿಮ್ಮ ಪಿಂಚಣಿ ಎಷ್ಟು? ಕಟ್ಟಡದ ಕಂದಾಯ ಎಷ್ಟು?

ವಿ.ಸಿ. ಫಾರಂ ತಾತ:
ಪಿಂಚಣಿ ವರ್ಷಕ್ಕೆ 6,75,000. ಕಟ್ಟಡದ ಕಂದಾಯ ವರ್ಷಕ್ಕೆ 20,000, ನಾನೇ ಕಟ್ಟೋದು. ಬೇರೆ ಏನೂ ಇಲ್ಲ. ಗದ್ದೆ ಅಣ್ಣನ ಪಾಲಿಗೆ ಹೋಯ್ತು.

ಲಕ್ಷ್ಮೀಪುರಂ ಲೆಕ್ಕ:
ಹಾಗಾದರೆ ನಿಮ್ಮ ಸಂಗತಿ ಸ್ವಾರಸ್ಯವಾಗಿದೆ. 2025-26ರ ಹೊಸ ಪದ್ಧತಿಯ ದರದಲ್ಲಿ ಲೆಕ್ಕ ಹಾಕೋಣ.

ವರ್ಷದ ಬಾಡಿಗೆ 7,20,000. ಕಂದಾಯ ಕಳೆದರೆ 7,00,000. ಅದರಲ್ಲಿ ಶೇ. 30 ರಿಪೇರಿ ಬಾಬ್ತು ಅಂತ ಕಾನೂನೇ ಬಿಡುತ್ತೆ, ಉಳಿದಿದ್ದು 4,90,000. ಪಿಂಚಣಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಹೋದರೆ 6,00,000. ಎರಡೂ ಕೂಡಿ 10,90,000. ಹನ್ನೆರಡು ಲಕ್ಷದ ಒಳಗೇ ಇರೋದರಿಂದ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ.

ಈಗ ರದ್ದಿನ ಹಕ್ಕು ತೆಗೆದುಹಾಕಿ, ಟ್ರಸ್ಟಿಗಳ ಇಷ್ಟ ಅನ್ನೋದನ್ನು ಮಾತ್ರ ಉಳಿಸಿ. ಅದೇ 4,90,000ಕ್ಕೆ ಶೇ. 30, ಅದರ ಮೇಲೆ ಶೇ. 4 ಸೆಸ್. ಒಟ್ಟು 1,52,880. ಕಟ್ಟಡವೂ ಅದೇ, ಬಾಡಿಗೆಯೂ ಅದೇ, ಒಂದು ಸಾಲು ಹೋಗಿದ್ದಕ್ಕೆ ವರ್ಷಾ ವರ್ಷಾ ಒಂದೂವರೆ ಲಕ್ಷ.

ರದ್ದಾಗೋ ಟ್ರಸ್ಟಿನಿಂದ ತೆರಿಗೆ ಉಳಿಯಲ್ಲ ಅಂತ ಎಲ್ಲರೂ ಹೇಳೋದು ದೊಡ್ಡ ವರಮಾನದವರನ್ನು ಕಣ್ಣ ಮುಂದೆ ಇಟ್ಟುಕೊಂಡು. ಹೇಗೂ 30ರ ಹಂತದಲ್ಲಿ ಇರೋರಿಗೆ ಯಾವುದಾದರೂ ಒಂದೇ. ನಿಮ್ಮಂಥ ಪಿಂಚಣಿದಾರರಿಗೆ ಲೆಕ್ಕ ತಿರುಗಾ ಮುರುಗಾ.

ಮದ್ದೂರು ವಡೆ:
ಸಾರ್, ನಾನು ಓದಿದ ಹಾಗೆ ಫಲಾನುಭವಿಗೆ ವರಮಾನ ಕಮ್ಮಿ ಇದ್ದರೆ ಗರಿಷ್ಠ ದರ ಬರಲ್ಲ. ಮಗಳಿಗೆ ಏನೂ ಇಲ್ಲವಲ್ಲ?

ಲಕ್ಷ್ಮೀಪುರಂ ಲೆಕ್ಕ:
ಓದಿದ್ದು ಸರಿ, ಆದರೆ ಅರ್ಧ. ಫಲಾನುಭವಿಗಳಲ್ಲಿ *ಯಾರಿಗೂ* ತೆರಿಗೆ ಮಿತಿ ದಾಟೋ ಬೇರೆ ವರಮಾನ ಇರಬಾರದು, ಯಾರೂ ಇನ್ನೊಂದು ಟ್ರಸ್ಟಿನ ಫಲಾನುಭವಿ ಆಗಿರಬಾರದು. ಮಗ ಸಂಬಳದವನು. ಅವನ ಹೆಸರು ಪಟ್ಟಿಯಲ್ಲಿ ಇದ್ದರೆ ಸಾಕು, ಅವನಿಗೆ ನಯಾಪೈಸೆ ಕೊಡದಿದ್ದರೂ ಇಡೀ ಟ್ರಸ್ಟಿಗೆ ಗರಿಷ್ಠ ದರ.

ಕುವೆಂಪುನಗರದ ಅಮ್ಮ:
ನಮ್ಮ ಮನೆ ಕಥೆ ಹೇಳ್ತೀನಿ. ನಮ್ಮ ಮಾವನವರು ನನ್ನ ಇಬ್ಬರು ಗಂಡುಮಕ್ಕಳಿಗೆ ಅಂತ ಇಂಥದ್ದೇ ಟ್ರಸ್ಟ್ ಮಾಡಿ ಹೋದರು, ರದ್ದಾಗೋ ಹಾಗಿಲ್ಲ. ಬರೋದು ಬ್ಯಾಂಕಿನ ಬಡ್ಡಿ, ವರ್ಷಕ್ಕೆ 5 ಲಕ್ಷ. ನಾವು 1,56,000 ಕಟ್ಟಿದ್ವಿ. ಆಮೇಲೆ ನೋಟಿಸ್ ಬಂತು: 1,95,000 ಆಗಬೇಕಿತ್ತು, ಬಾಕಿ 39,000 ಬಡ್ಡಿ ಸಮೇತ ಕಟ್ಟಿ ಅಂತ. ಐದು ಲಕ್ಷಕ್ಕೆ ಸರ್ಚಾರ್ಜ್ ಹಾಕಿದ್ದಾರೆ! ಅದು ಕೋಟ್ಯಧೀಶರಿಗೆ ಅಲ್ವಾ?

ಲಕ್ಷ್ಮೀಪುರಂ ಲೆಕ್ಕ:
ಅಮ್ಮ, ನಿಮ್ಮದು ಜಗಳ ಆಡಿ ಗೆಲ್ಲಬಹುದಾದ ವಿಷಯ. ಗರಿಷ್ಠ ದರ ಅಂದರೆ ಅತಿ ಮೇಲಿನ ಹಂತದವರಿಗೆ ಬೀಳೋ ಸರ್ಚಾರ್ಜೂ ಸೇರಿ ಅನ್ನೋದು ಇಲಾಖೆಯ ಓದು. 30ರ ಮೇಲೆ ಶೇ. 25 ಸರ್ಚಾರ್ಜ್, ಸೆಸ್, ಕೂಡಿದರೆ 39. ಟ್ರಸ್ಟಿನ ಸ್ವಂತ ವರಮಾನ ಸರ್ಚಾರ್ಜಿನ ಮಿತಿ ಮುಟ್ಟದಿದ್ದರೆ ಸರ್ಚಾರ್ಜ್ ಇಲ್ಲ ಅನ್ನೋದು ತೆರಿಗೆದಾರರ ವಾದ. 2025ರ ಏಪ್ರಿಲ್‌ನಲ್ಲಿ ಮುಂಬೈನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ವಿಶೇಷ ಪೀಠ ಎರಡನೇದನ್ನು ಒಪ್ಪಿತು. ಮಿತಿ 50 ಲಕ್ಷ, ನಿಮ್ಮದು 5. ಆ ತೀರ್ಪು ಇಟ್ಟುಕೊಂಡು ನೋಟಿಸಿಗೆ ಉತ್ತರ ಕೊಡಿ, ಮೇಲ್ಮನವಿಯ ಅವಧಿ ಮೀರೋಕೆ ಬಿಡಬೇಡಿ. ನಾನು ಮೇಲೆ ತಾತನಿಗೆ 31.2ರ ಲೆಕ್ಕ ಹಾಕಿದ್ದೂ ಇದೇ ಆಧಾರದ ಮೇಲೆ. 39ರ ಪ್ರಕಾರ ಕೇಳಿದರೆ 1,91,100 ಆಗುತ್ತೆ.

ವಿ.ಸಿ. ಫಾರಂ ತಾತ:
ಪತ್ರ ಬರೆದವರು ಈಗ ಬೇರೆ ಹೇಳ್ತಾರೆ. ರದ್ದಿನ ಸಾಲು ತೆಗೆದು ಈ ಸಾಲು ಹಾಕೋಣವಂತೆ: "ಬರೆದುಕೊಡುವವರಿಗೆ ಕಾಯಿಲೆ ಕಸಾಲೆ ಬಂದಲ್ಲಿ ಟ್ರಸ್ಟಿಗಳು ಬಾಡಿಗೆ ಹಣದಿಂದ ವೈದ್ಯಕೀಯ ವೆಚ್ಚ ಭರಿಸತಕ್ಕದ್ದು." ಆಗ ರದ್ದಾಗದ ಟ್ರಸ್ಟ್ ಆಗುತ್ತಂತೆ, ನನಗೂ ಭದ್ರತೆಯಂತೆ.

ಲಕ್ಷ್ಮೀಪುರಂ ಲೆಕ್ಕ:
ಆಗಲ್ಲ. "ರದ್ದು" ಅನ್ನೋ ಪದ ಪತ್ರದಲ್ಲಿ ಇದೆಯೋ ಇಲ್ಲವೋ ಅಂತ ಸೆಕ್ಷನ್ 63 ಹುಡುಕಲ್ಲ. ವರಮಾನವೋ ಆಸ್ತಿಯೋ, ಪೂರ್ತಿಯೋ ಭಾಗವೋ, ನೇರವಾಗೋ ಸುತ್ತಿ ಬಳಸಿಯೋ ಕೊಟ್ಟವರಿಗೆ ಮರಳೋ ದಾರಿ ಇದ್ದರೆ ಅದು ರದ್ದಾಗೋ ವರ್ಗಾವಣೆ ಅಂತಲೇ ಎಣಿಕೆ. ಆಸ್ಪತ್ರೆ ಸಾಲು ಅದೇ ದಾರಿ. ಕಾನೂನಿನ ಪ್ರಕಾರ ವಾಪಸ್ ತಗೊಳ್ಳೋ ಹಕ್ಕು ನಿಮಗೆ ಇರಲ್ಲ, ತೆರಿಗೆಗೆ ಮಾತ್ರ ವರಮಾನ ನಿಮ್ಮದೇ ಅಂತಾರೆ. ನಿಮಗೆ ಸೊನ್ನೆ ತೆರಿಗೆ ಆದ್ದರಿಂದ ಸದ್ಯಕ್ಕೆ ಹೊಡೆತ ಬೀಳದೆ ಇರಬಹುದು. ಆದರೆ ಬರೆದವರು ಅಂದುಕೊಂಡಿದ್ದು ಅದಲ್ಲ.

ಸರಸ್ವತಿಪುರಂ ವಕೀಲ:
ಇಲ್ಲಿ ನನ್ನದೊಂದು ತಕರಾರು. ಆಸ್ಪತ್ರೆ ಖರ್ಚಿಗೆ ಹೋಗಬಹುದಾದಷ್ಟು ಭಾಗ ಮಾತ್ರ ಕೊಟ್ಟವರದು, ಮಿಕ್ಕಿದ್ದು ಮಕ್ಕಳದು ಅಂತ ಯಾಕೆ ಓದಬಾರದು? ಒಂದು ಸಾಲಿಗಾಗಿ ಇಡೀ ಬಾಡಿಗೆ ಎಳೆದು ತರೋದು ಅತಿಯಾಯ್ತು.

ಲಕ್ಷ್ಮೀಪುರಂ ಲೆಕ್ಕ:
ವಾದ ಮಾಡಬಹುದು ಸಾರ್. ಆದರೆ "ಯಾವುದೇ ಭಾಗ" ಅಂತ 63ರಲ್ಲಿ, "ಎಲ್ಲ ವರಮಾನ" ಅಂತ 61ರಲ್ಲಿ ಇದೆ. ಎರಡನ್ನೂ ಜೋಡಿಸಿ ಓದಿದರೆ ಅಧಿಕಾರಿ ಪೂರ್ತಿ ಕೇಳ್ತಾರೆ.

ಸರಸ್ವತಿಪುರಂ ವಕೀಲ:
ಕೇಳಲಿ. ಖರ್ಚಿನ ಮಿತಿ ಬರೆದು, ಪ್ರತ್ಯೇಕ ಖಾತೆ ಇಟ್ಟ ಟ್ರಸ್ಟಿನಲ್ಲಿ ನಾನು ಒಪ್ಪಲ್ಲ.

ಮದ್ದೂರು ವಡೆ:
ಇಷ್ಟೆಲ್ಲ ಯಾಕೆ? ತಾತ, ಆರಾಮಾಗಿ ವಿಲ್ ಬರೆದಿಡಿ. ವಿಲ್‌ನಲ್ಲಿ ಮಾಡಿದ ಟ್ರಸ್ಟಿಗೆ ಗರಿಷ್ಠ ದರ ಇಲ್ಲ, ಇದಂತೂ ನನಗೆ ಗೊತ್ತು.

ಲಕ್ಷ್ಮೀಪುರಂ ಲೆಕ್ಕ:
ಇದು ಸರಿ ಮದ್ದೂರಿನವರೇ. ಒಂದೇ ಷರತ್ತು, ತಾತ ವಿಲ್ ಮೂಲಕ ಮಾಡೋ ಟ್ರಸ್ಟ್ ಅದೊಂದೇ ಆಗಿರಬೇಕು. ಮಗನಿಗೊಂದು ಮಗಳಿಗೊಂದು ಅಂತ ಎರಡು ಮಾಡಿದರೆ ಕೆಟ್ಟಿತು. ಒಂದೇ ಆದರೆ ಟ್ರಸ್ಟಿಗಳ ಇಷ್ಟದ ಹಂಚಿಕೆಗೂ ಮಾಮೂಲಿ ಹಂತಗಳ ದರ. 4 ಲಕ್ಷದವರೆಗೆ ಇಲ್ಲ, ಮಿಕ್ಕ 90,000ಕ್ಕೆ ಶೇ. 5, ಸೆಸ್ ಕೂಡಿ 4,680. 1,52,880 ಎಲ್ಲಿ, ಇದೆಲ್ಲಿ?

ಬದುಕಿರುವಾಗಲೇ ಟ್ರಸ್ಟ್ ಬೇಕು ಅಂದರೆ ಇನ್ನೊಂದು ದಾರಿ. ರದ್ದಿನ ಹಕ್ಕು ಇಟ್ಟುಕೊಳ್ಳಿ, ಆದರೆ "ನನ್ನ ಕಾಲಾನಂತರ ಮಗನಿಗೆ ಅರ್ಧ, ಮಗಳಿಗೆ ಅರ್ಧ" ಅಂತ ಪಾಲು ಖಚಿತ ಮಾಡಿ. ಈಗಿನ ಪತ್ರದ ನಿಜವಾದ ತೊಂದರೆ ಅಲ್ಲೇ ಇರೋದು. ನೀವು ಹೋದ ದಿನ ರದ್ದಿನ ಹಕ್ಕೂ ಹೋಗುತ್ತೆ, ಟ್ರಸ್ಟಿಗಳ ಇಷ್ಟ ಉಳಿಯುತ್ತೆ, ಗರಿಷ್ಠ ದರ ಶುರು. ಪಾಲು ಖಚಿತ ಇದ್ದರೆ ತಲಾ 2,45,000. ಮಗಳಿಗೆ ತೆರಿಗೆ ಇಲ್ಲ. ಮಗನ ತೆರಿಗೆ ಬೀಳೋ ಸಂಬಳ 16 ಲಕ್ಷ ಅಂತಿಟ್ಟುಕೊಂಡರೆ ಅವನ ಪಾಲಿಗೆ 50,960.

ಕುವೆಂಪುನಗರದ ಅಮ್ಮ:
ಆದರೆ ಪಾಲು ಗೊತ್ತು ಮಾಡಿಬಿಟ್ಟರೆ ಮಗಳಿಗೆ ಕಷ್ಟ ಬಂದಾಗ ಹೆಚ್ಚು ಕೊಡೋಕೆ ಆಗಲ್ಲವಲ್ಲ? ನಮ್ಮ ಮಾವ ಟ್ರಸ್ಟಿಗಳಿಗೆ ಬಿಟ್ಟಿದ್ದೇ ಅದಕ್ಕೆ. ದೊಡ್ಡವನ ಕೆಲಸ ಹೋದ ವರ್ಷ ಪೂರ್ತಿ ಅವನಿಗೇ ಕೊಟ್ವಿ. ತೆರಿಗೆ ಜಾಸ್ತಿ ಅಂತ ಬೈಕೊಂಡರೂ ಆ ವರ್ಷ ಅದೇ ಕೈ ಹಿಡೀತು.

ವಿ.ಸಿ. ಫಾರಂ ತಾತ:
ಅಮ್ಮ ಹೇಳಿದ್ದು ನನ್ನ ಮನಸ್ಸಿನ ಮಾತು. ಅಳಿಯಂದು ನೆಚ್ಚಿಕೊಳ್ಳೋ ಹಂಗಿಲ್ಲ. ಇಷ್ಟ ಅನ್ನೋ ಸಾಲು ಬಿಡೋಕೆ ಮನಸ್ಸು ಬರ್ತಿಲ್ಲ, ಇನ್ನೂ ಯೋಚಿಸ್ತೀನಿ. ಇನ್ನೊಂದು ಮಾತು. ಬ್ಯಾಂಕಿನವರು ಬಾಡಿಗೆಯಲ್ಲಿ ತಿಂಗಳಿಗೆ 6,000 ಟಿಡಿಎಸ್ ಹಿಡೀತಾರೆ. ಟ್ರಸ್ಟ್ ಆದ ಮೇಲೆ ಯಾರ ಪ್ಯಾನ್ ಕೊಡಲಿ?

ಲಕ್ಷ್ಮೀಪುರಂ ಲೆಕ್ಕ:
ಇಲ್ಲೇ ತುಂಬಾ ಜನ ಎಡವೋದು. ಬಾಡಿಗೆ ಕರಾರು ಟ್ರಸ್ಟಿನ ಹೆಸರಿಗೆ ಹೋದರೆ ಬ್ಯಾಂಕು ಟ್ರಸ್ಟಿನ ಪ್ಯಾನ್‌ಗೆ ಟಿಡಿಎಸ್ ಕಟ್ಟುತ್ತೆ. ವರಮಾನ ತೋರಿಸೋದು ನಿಮ್ಮ ರಿಟರ್ನ್‌ನಲ್ಲಿ, ವರ್ಷದ 72,000 ಮಾತ್ರ ಟ್ರಸ್ಟಿನ 26ಎಎಸ್‌ನಲ್ಲಿ, ಅಂದರೆ ಪ್ಯಾನ್‌ಗೆ ಜಮೆಯಾದ ಟಿಡಿಎಸ್ ತೋರಿಸೋ ಪಟ್ಟಿಯಲ್ಲಿ. ನಿಮಗೆ ರಿಫಂಡ್ ಬರಲ್ಲ, ಬಾಡಿಗೆ ಎಲ್ಲಿ ಅಂತ ಟ್ರಸ್ಟಿಗೆ ನೋಟಿಸ್ ಬರುತ್ತೆ.

ಹಳೇ ಕಾಯ್ದೆಯ ನಿಯಮ 37ಬಿಎ ಪ್ರಕಾರ ಟ್ರಸ್ಟ್ ಬ್ಯಾಂಕಿಗೆ ಒಂದು ಘೋಷಣೆ ಬರೆದುಕೊಡಬಹುದು. ಈ ವರಮಾನ ಇಂಥವರ ಕೈಯಲ್ಲಿ ತೆರಿಗೆಗೆ ಬರುತ್ತೆ, ಕ್ರೆಡಿಟ್ ಅವರಿಗೇ ಕೊಡಿ ಅಂತ. ಅದರಲ್ಲಿ ನಿಮ್ಮ ಹೆಸರು, ವಿಳಾಸ, ಪ್ಯಾನ್, ಕಾರಣ ಎಲ್ಲ ಇರಬೇಕು. ಟಿಡಿಎಸ್ ಸರ್ಟಿಫಿಕೇಟ್ ಆಗ ನಿಮ್ಮ ಹೆಸರಿಗೇ ಬರಬೇಕು. ಮೊದಲ ತ್ರೈಮಾಸಿಕ ಆದ ಮೇಲೆ ನಿಮ್ಮ 26ಎಎಸ್ ತೆಗೆದು ನೋಡಿ. ಮೂರು ತಿಂಗಳ 18,000 ಅಲ್ಲಿ ಕಾಣಿಸದಿದ್ದರೆ ಆಗಲೇ ಶಾಖೆಗೆ ಹೋಗಿ ತಿದ್ದಿಸಿ, ಮಾರ್ಚ್‌ವರೆಗೂ ಕಾಯಬೇಡಿ.

ಗಂಜಾಂ ಹುಡುಗ:
ಅಂದರೆ ನಮ್ಮ ದೇವಸ್ಥಾನದ್ದು ಇದಕ್ಕೆ ಸೇರಲ್ಲ ಅಂತಾಯ್ತು. ಅಂಗಡಿ ಬಾಡಿಗೆ ನಮಗೂ ಬರುತ್ತೆ, ಅದಕ್ಕೇ ಕೇಳಿದೆ.

ಲಕ್ಷ್ಮೀಪುರಂ ಲೆಕ್ಕ:
ಸೇರಲ್ಲಪ್ಪ. ಅದರ ನಿಯಮಗಳೇ ಬೇರೆ, ಪ್ರತ್ಯೇಕ ಪ್ರಶ್ನೆ ಹಾಕಿ.