‘ಚಿಂದಿ’ ತೆಗೆದರೆ ತಾಳ ಹೋಗುತ್ತದೆ, ಇಟ್ಟರೆ ಅಮ್ಮ ಒಪ್ಪುವುದಿಲ್ಲ

ಪ್ರಶ್ನೆ (ತೀರ್ಥಹಳ್ಳಿ ಕಡೆಯವರು, ಮನೆಯಲ್ಲೇ ಸಾರಿನ ಪುಡಿ ಮಾಡಿ ಮಾರುತ್ತಾರೆ):
ನಮ್ಮ ಸಾರಿನ ಪುಡಿಗೆ ಬೆಂಗಳೂರಿನ ಚಿಕ್ಕಪ್ಪನ ಮಗ ಬರೆದುಕೊಟ್ಟ ಸಾಲು ‘ಚಿಟಿಕೆ ಹಾಕಿ, ಚಿಂದಿ ಊಟ’. ಹೇಳೋಕೆ ಮಜಾ ಇದೆ, ಸಂತೆಯಲ್ಲಿ ಮಕ್ಕಳು ಕೂಗುತ್ತಾರೆ. ಆದರೆ ಅಮ್ಮನಿಗೆ ‘ಚಿಂದಿ’ ಬೇಡವೇ ಬೇಡ. ಒಬ್ಬರು ಹಿರಿಯರು ಪ್ಯಾಕೆಟ್ ನೋಡಿ ‘ಊಟ ಚಿಂದಿ ಚಿತ್ರಾನ್ನ ಆಯ್ತೇನಮ್ಮಾ’ ಅಂತ ನಕ್ಕರಂತೆ. ನಮ್ಮ ಪ್ಯಾಕೆಟ್ ಮೇಲೆ ಒಲೆ, ಮಣ್ಣಿನ ಮಡಕೆಯ ಚಿತ್ರ ಇದೆ, ಮಾತೆಲ್ಲ ನಿಧಾನ, ಮನೆಯದು. ‘ರುಚಿಕರವಾದ ಊಟ’ ಅಂತ ಹಾಕಿ ನೋಡಿದೆ, ಸತ್ತೇ ಹೋಯಿತು. ತಾಳ ಉಳಿಸಿಕೊಂಡು ಆ ಒಂದು ಪದ ಬದಲಿಸೋದು ಹೇಗೆ ಮೇಡಂ? ಮುಂದಿನ ತಿಂಗಳು ಹೊಸ ಪೌಚ್ ಪ್ರಿಂಟ್‌ಗೆ ಹೋಗುತ್ತದೆ.

ಉತ್ತರ (ಜಾಹೀರಾತು ಬರಹಗಾರ್ತಿ, ಬೆಂಗಳೂರು):
ಚಿಕ್ಕಪ್ಪನ ಮಗನಿಗೆ ಕಿವಿ ಚೆನ್ನಾಗಿದೆ. ಸುಮ್ನೆ ಹೇಳುತ್ತಿಲ್ಲ. ಬೆರಳು ಮಡಚುತ್ತಾ ಎಣಿಸಿ ನೋಡಿ. ಸ್ಕೂಲಿನಲ್ಲಿ ಲಘು, ಗುರು ಅಂತ ಪ್ರಸ್ತಾರ ಹಾಕಿದ್ದೆವಲ್ಲ, ಅದೇ ಲೆಕ್ಕ. ಚಿ-ಟಿ-ಕೆ ಮೂರೂ ಲಘು, ಮೂರು ಮಾತ್ರೆ. ಹಾ-ಕಿ ಎರಡು ಮತ್ತು ಒಂದು, ಮೂರು. ಚಿಂ-ದಿ, ಸೊನ್ನೆ ಇರುವುದರಿಂದ ‘ಚಿಂ’ ಗುರು, ಮತ್ತೆ ಮೂರು. ಊ-ಟ ಮೂರು. ನಾಲ್ಕು ಸಲ ಮೂರು ಮೂರು, ತಕಿಟ ತಕಿಟ ಅಂತ ಹೋಗುತ್ತದೆ, ಅದಕ್ಕೇ ಮಕ್ಕಳ ಬಾಯಲ್ಲಿ ಕೂತಿದೆ.

ನಿಮ್ಮ ‘ರುಚಿಕರವಾದ’ ಎಣಿಸಿ. ಒಂದು, ಒಂದು, ಒಂದು, ಒಂದು, ಎರಡು, ಒಂದು. ಏಳು ಮಾತ್ರೆ. ಮೂರು ಮಾತ್ರೆಯ ಜಾಗಕ್ಕೆ ಏಳನ್ನು ತುರುಕಿದರೆ ಸಾಯದೆ ಇನ್ನೇನಾಗುತ್ತದೆ.

ಇನ್ನು ‘ಚಿಂದಿ’ ಯಾಕೆ ಚುಚ್ಚುತ್ತದೆ ಅನ್ನೋದು. ಹಳೆಯ ಅರ್ಥ ಹರಕು ಬಟ್ಟೆ ಅನ್ನೋದು ಒಂದು ಕಾರಣ, ನಿಮ್ಮ ಹಿರಿಯರಿಗೆ ಕೇಳಿಸಿದ್ದು ಅದೇ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಂಡಿದ್ದು ಬೇರೆ. ‘ಹಾಕಿ’ ಅನ್ನುವಾಗ ಮಾತಾಡುತ್ತಿರುವುದು ಮನೆಯ ಹೆಂಗಸು, ಬಹುವಚನ ಕೊಟ್ಟು, ಮರ್ಯಾದೆಯಿಂದ. ‘ಚಿಂದಿ’ ಅನ್ನುವಾಗ ಮಾತಾಡುತ್ತಿರುವುದು ಬೈಕ್ ಮೇಲೆ ಕೂತಿರುವ ಹುಡುಗ, ಅವನು ಗೆಳೆಯನಿಗೆ ‘ಹಾಕು ಮಗಾ’ ಅಂತಾನೆ, ‘ಹಾಕಿ’ ಅನ್ನುವುದಿಲ್ಲ. ಒಂದೇ ಸಾಲಿನಲ್ಲಿ ಇಬ್ಬರ ದನಿ. ಯುವಕರಿಗೆ ಮಾರುವ ಖಾರದ ಚಿಪ್ಸ್ ಆಗಿದ್ದರೆ ‘ಚಿಂದಿ’ ಇಟ್ಟು ‘ಹಾಕಿ’ಯನ್ನೇ ಬದಲಿಸಿ ಅನ್ನುತ್ತಿದ್ದೆ. ನಿಮ್ಮದು ಮಡಕೆಯ ಚಿತ್ರ, ಹಾಗಾಗಿ ಹೋಗಬೇಕಾದ್ದು ‘ಚಿಂದಿ’ಯೇ.

ಈಗ ಬದಲಿ. ಮೊದಲು ಹೊಳೆಯುವುದು ‘ಚೆಂದ’, ಯಾಕೆಂದರೆ ಗುರು ಲಘು ಎರಡೂ ಸರಿ, ಚಕಾರವೂ ಉಳಿಯುತ್ತದೆ. ಆದರೆ ಚೆಂದ ಅನ್ನೋದು ಕಣ್ಣಿಗೆ, ನಾಲಿಗೆಗಲ್ಲ. ಅದೂ ಅಲ್ಲದೆ ‘ಚೆಂದ ಊಟ’ ಅಂತ ಯಾರೂ ಹೇಳುವುದಿಲ್ಲ, ‘ಚೆಂದದ ಊಟ’ ಅನ್ನಬೇಕು, ಆಗ ನಾಲ್ಕಾಯಿತು. ‘ಭರ್ಜರಿ’ಯೂ ನಾಲ್ಕು, ಜೊತೆಗೆ ಅದಕ್ಕೂ ಮೀಸೆ ಇದೆ. ‘ಒಳ್ಳೆ’ ಮೂರೇ, ಆದರೆ ‘ಒಳ್ಳೆ ಊಟ’ ಸಪ್ಪೆ.

ಪದಕ್ಕೆ ಪದ ಹುಡುಕುವುದನ್ನು ಬಿಟ್ಟು ಕೊನೆಯ ಆರು ಮಾತ್ರೆಯನ್ನು ಒಟ್ಟಿಗೆ ತಗೊಳ್ಳಿ. ‘ಹಬ್ಬದ’ ಅಂದರೆ ನಾಲ್ಕು, ಜಾಸ್ತಿ. ಆದರೆ ‘ಊಟ’ದ ಜೊತೆ ಸಂಧಿಯಾದರೆ ಹಬ್-ಬ-ದೂ-ಟ, ಎರಡು ಒಂದು ಎರಡು ಒಂದು, ಸರಿಯಾಗಿ ಆರು.

ಚಿಟಿಕೆ ಹಾಕಿ, ಹಬ್ಬದೂಟ.

ಚಿ-ಚಿ ಹೋಯಿತು ನಿಜ, ಆದರೆ ಹಾ-ಹ ಬಂತು. ‘ಹಬ್’ ಮೇಲೆ ‘ಚಿಂ’ ಕೊಡುತ್ತಿದ್ದ ಒತ್ತೇ ಬೀಳುತ್ತದೆ. ಒಂದು ಎಚ್ಚರ. ಸಂತೆಯಲ್ಲಿ ಮೈಕ್ ಹಿಡಿದವರು ಇದನ್ನು ಬಿಡಿಸಿ ‘ಹಬ್ಬದ ಊಟ’ ಅಂದರೆ ಏಳಾಗುತ್ತದೆ, ಕೊನೆಯಲ್ಲಿ ಎಡವಿದಂತೆ ಕೇಳುತ್ತದೆ. ಒಮ್ಮೆ ಹೇಳಿಕೊಡಿ.

ಒಬ್ಬರು ಕವಿ:
ಇಷ್ಟೆಲ್ಲ ಯಾಕೆ? ಅಕ್ಷರ ಎಣಿಸಿದರೆ ಸಾಕು. ‘ಚಿಂದಿ ಊಟ’ ನಾಲ್ಕು ಅಕ್ಷರ, ‘ಸವಿ ಊಟ’ವೂ ನಾಲ್ಕು. ‘ಚಿಟಿಕೆ ಹಾಕಿ, ಸವಿ ಊಟ’. ಮುಗಿಯಿತು.

ಬರಹಗಾರ್ತಿ:
ಪದ ಚೆನ್ನಾಗಿದೆ ಸರ್, ದನಿಯೂ ಈ ಮನೆಯದ್ದೇ. ಆದರೆ ಚಪ್ಪಾಳೆ ತಟ್ಟುತ್ತಾ ಹೇಳಿ ನೋಡಿ. ‘ಸವಿ’ ಎರಡೇ ಮಾತ್ರೆ, ಅಲ್ಲಿ ಕಾಲು ಒಂದು ಮೆಟ್ಟಿಲು ತಪ್ಪಿಸಿ ಇಳಿದ ಹಾಗೆ ಆಗುತ್ತದೆ. ಅಕ್ಷರ ನಾಲ್ಕಾದರೂ ಉದ್ದ ಒಂದೇ ಅಲ್ಲವಲ್ಲ. ‘ಸವಿಯ ಊಟ’ ಅಂದರೆ ನಿಲ್ಲುತ್ತದೆ.

ಇನ್ನೊಬ್ಬರು:
ಮಾತ್ರೆ ಗೀತ್ರೆ ಎಲ್ಲ ಕಾಗದದ ಮೇಲೆ. 1965ರಲ್ಲಿ ಶಾಸ್ತ್ರಿಯವರು ‘ಜೈ ಜವಾನ್ ಜೈ ಕಿಸಾನ್’ ಅಂದರು, 1998ರಲ್ಲಿ ವಾಜಪೇಯಿ ಅದಕ್ಕೆ ‘ಜೈ ವಿಜ್ಞಾನ್’ ಸೇರಿಸಿದರು. ‘ಜವಾನ್’, ‘ಕಿಸಾನ್’ ಒಂದೇ ಅಳತೆ, ‘ವಿಜ್ಞಾನ್’ ಉದ್ದ. ಜನ ಕೂಗಲಿಲ್ಲವಾ?

ಬರಹಗಾರ್ತಿ:
ಕೂಗಿದರು. ಒಂದು ಮಾತ್ರೆ ಜಾಸ್ತಿ ಇರುವುದೂ ನಿಜ, ‘ವಿಜ್’ ಗುರು. ಆದರೆ ಅದು ಕೊನೆಗೆ ಅಂಟಿಸಿದ ಮೂರನೇ ತುಂಡು, ‘ಜೈ’ ಹೇಳಿ ದನಿ ಎಳೆಯೋಕೆ ಜಾಗ ಇದೆ, ಗುಂಪಿನ ಗಂಟಲು ಎಲ್ಲವನ್ನೂ ಸಮ ಮಾಡುತ್ತದೆ. ಅಂಗಡಿಯ ಶೆಲ್ಫ್ ಮುಂದೆ ನಿಂತು ಮನಸ್ಸಿನಲ್ಲೇ ಓದುವವರಿಗೆ ಯಾರು ಎಳೆದುಕೊಡುತ್ತಾರೆ? ನೀವು ಹೇಳಿದ್ದು ಕೂಗುವ ಘೋಷಣೆಗೆ ಸರಿ, ಪ್ಯಾಕೆಟ್‌ಗೆ ಅಷ್ಟು ಸರಿಯಲ್ಲ.

ಹುಬ್ಬಳ್ಳಿಯ ಖಾನಾವಳಿಯವರು:
ನಮ್ಮ ಬೋರ್ಡ್ ಕೂಡ ಹಿಂಗ ಐತ್ರಿ. ‘ಬನ್ನಿ, ತಿನ್ನಿ, ನಕ್ಕು ಹೋಗಿ’. ಪೇಂಟರ್ ಬರೆದಿದ್ದು. ಊಟಕ್ಕ ಬಂದವರಿಗೆ ‘ತಿನ್ನಿ’ ಅಂದರ ದನಕ್ಕ ಅಂದಂಗ ಆಗತೈತಿ ಅಂತ ನಮ್ಮ ಮನಿಯವರು. ‘ಉಣ್ಣಿ’ ಮಾಡಿದರ ಹೆಂಗ?

ಬರಹಗಾರ್ತಿ:
‘ಉಣ್ಣಿ’ ಅಳತೆಗೆ ಸರಿ, ಆದರೆ ಬೋರ್ಡ್ ಮೇಲೆ ಒಂಟಿಯಾಗಿ ಕಂಡರೆ ದನದ ಮೈಮೇಲಿನ ಉಣ್ಣಿ ನೆನಪಾಗುತ್ತದೆ, ಆ ದನ ಮತ್ತೆ ವಾಪಸ್ ಬಂತು. ಈಗ ನೀವು ಬರೆದ ಹಾಗೇ ಬೋರ್ಡ್ ಬರೆಯಿರಿ ಅಣ್ಣಾ. ‘ಬರ್ರಿ, ಉಣ್ರಿ, ನಕ್ಕು ಹೋಗ್ರಿ’. ಅಳತೆ ಎಲ್ಲೂ ಬದಲಾಗುವುದಿಲ್ಲ, ಕೊನೆಯ ‘ಹೋಗ್ರಿ’ಯೂ ಮೂರೇ, ಬಾಯಿಗೆ ಚೂರು ಭಾರ ಅನ್ನಿಸಬಹುದು ಅಷ್ಟೆ, ಮೂರು ಸಲ ‘ರಿ’ ಬಂದು ಪ್ರಾಸವೂ ಕೂಡುತ್ತದೆ. ಬೆಂಗಳೂರಿನ ಕನ್ನಡದಲ್ಲಿ ಹುಬ್ಬಳ್ಳಿಯ ರೊಟ್ಟಿ ಮಾರುವುದೇ ಅಲ್ಲಿನ ತೊಂದರೆ.

ಪ್ರಶ್ನೆ ಕೇಳಿದವರು:
ಮೇಡಂ, ಅಮ್ಮನಿಗೆ ಓದಿ ಹೇಳಿದೆ. ‘ಹಬ್ಬದೂಟ’ ಕೇಳೋಕೆ ಚೆಂದ, ಆದರೆ ಹಬ್ಬಕ್ಕೆ ಹೋಳಿಗೆ ಪಾಯಸ ಮಾಡುತ್ತಾರೆ, ನಮ್ಮ ಪುಡಿ ಮಳೆ ಹಿಡಿದ ದಿನ ಬಿಸಿ ಅನ್ನಕ್ಕೆ ಕಲಸಿಕೊಳ್ಳೋ ಸಾರಿಗೆ, ದಿನಾ ಕೊಳ್ಳಬೇಕಾದ್ದನ್ನು ಹಬ್ಬಕ್ಕೆ ಮಾತ್ರ ಅಂದ್ಕೊಂಡರೆ ಅಂತಾರೆ.

ಬರಹಗಾರ್ತಿ:
ಅಮ್ಮ ನನಗಿಂತ ಚೆನ್ನಾಗಿ ಯೋಚಿಸಿದ್ದಾರೆ. ತಾಳ ಸಿಕ್ಕ ಖುಷಿಯಲ್ಲಿ ನಾನು ಅದನ್ನು ನೋಡಲೇ ಇಲ್ಲ.

ಹಾಗಾದರೆ ಮೊದಲ ಅರ್ಧವನ್ನೇ ಎರಕದ ಅಚ್ಚು ಮಾಡಿಕೊಳ್ಳೋಣ. ‘ಚಿಟಿಕೆ ಹಾಕಿ’ ಅಂದರೆ ಮೂರು ಲಘು, ಆಮೇಲೆ ಗುರು ಲಘು. ‘ಊಟ’ ಹೇಗೂ ಗುರು ಲಘು. ಅದರ ಹಿಂದೆ ಮೂರು ಲಘುವಿನ ಪದ ಬಂದರೆ ಎರಡು ಅರ್ಧಗಳೂ ಒಂದೇ ಎರಕ. ‘ಚಿಂದಿ’ ಇದ್ದಾಗಲೂ ಇಷ್ಟು ಸರಿಯಾಗಿ ಕೂಡುತ್ತಿರಲಿಲ್ಲ. ರುಚಿಯ ಊಟ, ಸವಿಯ ಊಟ, ಮನೆಯ ಊಟ, ಹಿತದ ಊಟ ಎಲ್ಲವೂ ಕೂಡುತ್ತವೆ. ‘ರುಚಿಯ’ ಅನ್ನೋದನ್ನು ಎಲ್ಲ ಪುಡಿಯವರೂ ಹೇಳುತ್ತಾರೆ. ‘ಮನೆಯ ಊಟ’ ಪ್ರತಿ ಮೆಸ್ಸಿನ ಬೋರ್ಡ್ ಮೇಲಿದೆ. ನನ್ನ ಓಟು ‘ಹಿತದ’ಕ್ಕೆ.

ಚಿಟಿಕೆ ಹಾಕಿ, ಹಿತದ ಊಟ.

ಕಳೆದುಕೊಳ್ಳುವುದೂ ಇದೆ. ‘ಚಿಂ’ ಮೇಲೆ ಬೀಳುತ್ತಿದ್ದ ಪೆಟ್ಟು ಇಲ್ಲಿಲ್ಲ, ಸಾಲು ಮೆತ್ತಗೆ ಹರಿಯುತ್ತದೆ. ಸಂತೆಯ ಗದ್ದಲದಲ್ಲಿ ‘ಹಬ್ಬದೂಟ’ ಕೇಳಿಸಿದಷ್ಟು ‘ಹಿತದ’ ಕೇಳಿಸಲಿಕ್ಕಿಲ್ಲ.

ತುಂಟ ಸದಸ್ಯ:
‘ತಿಥಿಯ ಊಟ’ ಕೂಡ ಮೂರು ಲಘು ಮೇಡಂ, ಎರಕ ಪಕ್ಕಾ 😄

ಬರಹಗಾರ್ತಿ:
ಹೌದು, ಅಳತೆ ಸರಿ ಇದ್ದ ಮಾತ್ರಕ್ಕೆ ಪ್ಯಾಕೆಟ್ ಮೇಲೆ ಹಾಕಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

ಶಿವಮೊಗ್ಗದ ನಿವೃತ್ತ ಮೇಷ್ಟ್ರು:
‘ಹಿತ’ ಅಂದರೆ ನನಗೆ ಪಥ್ಯದ ಊಟ ನೆನಪಾಗುತ್ತದೆ. ಜ್ವರ ಬಿಟ್ಟ ಮೇಲೆ ಕೊಡುವ ಗಂಜಿ. ಖಾರದ ಸಾರಿಗೆ ಹೊಂದುತ್ತದಾ?

ಬರಹಗಾರ್ತಿ:
ನನಗೆ ಹಾಗೆ ಕೇಳಲಿಲ್ಲ ಮೇಷ್ಟ್ರೇ, ಆದರೆ ನಿಮಗೆ ಕೇಳಿಸಿದೆ ಅಂದರೆ ಇನ್ನೊಬ್ಬರಿಗೂ ಕೇಳಿಸಬಹುದು. ಪ್ರಿಂಟ್‌ಗೆ ಮುಂಚೆ ಇದನ್ನು ಪರೀಕ್ಷಿಸಿಬಿಡಿ. ಎರಡೂ ಸಾಲನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು, ವಿಷಯ ಗೊತ್ತಿಲ್ಲದ ನಾಲ್ಕೈದು ಜನಕ್ಕೆ ಕೊಟ್ಟು ಜೋರಾಗಿ ಓದಿಸಿ. ಎಲ್ಲಿ ನಿಲ್ಲುತ್ತಾರೆ, ಎರಡನೇ ಸಲ ಓದುವಾಗ ಯಾವ ಪದ ಬದಲಾಯಿಸಿಕೊಳ್ಳುತ್ತಾರೆ ನೋಡಿ. ‘ಚೆನ್ನಾಗಿದೆಯಾ’ ಅಂತ ಮಾತ್ರ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. ‘ಇದು ಏನು ಮಾರೋ ಸಾಲು’ ಅಂತ ಕೇಳಿ. ಔಷಧಿ, ಆಸ್ಪತ್ರೆ ಅಂದರೆ ಮೇಷ್ಟ್ರು ಗೆದ್ದರು.

ಪ್ರಿಂಟಿಂಗ್ ಕೆಲಸದವರು:
ನಡುವೆ ಒಂದು ಮಾತು. ‘ಚಿಂದಿ ಊಟ’ದಲ್ಲಿ ಒತ್ತಕ್ಷರ ಇಲ್ಲ, ಹಳೆ ಡಿಸೈನ್‌ನಲ್ಲಿ ಸಾಲಿನ ಕೆಳಗೆ ಜಾಗ ಬಿಟ್ಟಿರುವುದಿಲ್ಲ. ‘ಹಬ್ಬದೂಟ’ ಹಾಕಿದರೆ ‘ಬ್ಬ’ದ ಒತ್ತು ಕೆಳಗಿನ ಚಿತ್ರಕ್ಕೆ ಬಡಿಯುತ್ತದೆ, ಅಕ್ಷರ ಸಣ್ಣ ಮಾಡಬೇಕಾಗಬಹುದು. ‘ಹಿತದ’ಕ್ಕೆ ಆ ತಾಪತ್ರಯ ಇಲ್ಲ. ಸಿಲಿಂಡರ್ ಪ್ರಿಂಟ್ ಆದರೆ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಇರುತ್ತದೆ. ಸಾಲನ್ನು ಒಂದೇ ಬಣ್ಣದಲ್ಲಿ, ಖಾಲಿ ಹಿನ್ನೆಲೆ ಮೇಲೆ ಇಡಿಸಿ, ನಾಳೆ ಮತ್ತೆ ಮನಸ್ಸು ಬದಲಾದರೆ ಒಂದು ಸಿಲಿಂಡರ್ ಮಾತ್ರ ಬದಲಿಸಿದರೆ ಸಾಕು. ಚಿತ್ರದ ಮೇಲೆ ಬಿಳಿ ಅಕ್ಷರವಾಗಿ ಕೊರೆದರೆ ಆ ಜಾಗದಲ್ಲಿರುವ ಎಲ್ಲ ಬಣ್ಣದ್ದೂ ಬದಲಾಗಬೇಕು.

ಪ್ರಶ್ನೆ ಕೇಳಿದವರು:
ಓದಿಸಿದೆ. ಐದು ಜನ. ‘ಹಬ್ಬದೂಟ’ವನ್ನು ಇಬ್ಬರು ‘ಹಬ್ಬದ ಊಟ’ ಅಂತಲೇ ಓದಿದರು. ‘ಹಿತದ ಊಟ’ ಯಾರೂ ಎಡವಲಿಲ್ಲ, ಆದರೆ ಒಬ್ಬರು ‘ಶುಗರ್ ಇರೋರಿಗಾ?’ ಅಂತ ಕೇಳಿದರು. ನನಗಿನ್ನೂ ತೀರ್ಮಾನ ಆಗಿಲ್ಲ. ‘ಸವಿಯ ಊಟ’ ಚೀಟಿಯನ್ನೂ ನಾಳೆ ಸಂತೆಗೆ ಒಯ್ಯುತ್ತೇನೆ.

ಈಗ ಅಮ್ಮನದು ಹೊಸ ತಕರಾರು. ನಾಲ್ಕು ಜನರ ಸಾರಿಗೆ ಎರಡು ಚಮಚ ಪುಡಿ ಬೇಕು, ‘ಚಿಟಿಕೆ’ ಹಾಕಿದರೆ ಬರೀ ಬಿಸಿನೀರು, ಚಿಟಿಕೆ ಹಾಕೋದು ಅರಿಸಿನ, ಇಂಗು ಅಂತಾರೆ. ‘ಚಮಚ ಹಾಕಿ’ ಮಾಡೋಣವಾ? ಅದೂ ಮೂರು ಲಘು, ಎಣಿಸಿದೆ.

ಬರಹಗಾರ್ತಿ:
ಅಳತೆ ಸರಿ. ಆದರೆ ‘ಚಮಚ ಹಾಕಿ’ ಅಂದರೆ ಪಾತ್ರೆಗೆ ಚಮಚವನ್ನೇ ಎಸೆದ ಹಾಗಿದೆ, ಜೊತೆಗೆ ಚಮಚಾಗಿರಿ ನೆನಪಿಸಿಕೊಂಡು ನಗೋರೂ ಸಿಗುತ್ತಾರೆ. ‘ಚಿಟಿಕೆ’ಯನ್ನು ಜನ ಅಳತೆ ಅಂತ ಓದುವುದಿಲ್ಲ ಅಂತ ನನಗೆ ಅನ್ನಿಸುತ್ತದೆ, ಪ್ಯಾಕೆಟ್ ಹಿಂದೆ ಎರಡು ಚಮಚ ಅಂತ ದೊಡ್ಡದಾಗಿ ಬರೆಯಿರಿ. ಅಮ್ಮ ಅದಕ್ಕೂ ಒಪ್ಪದಿದ್ದರೆ ಸಂತೆ ಮುಗಿಸಿ ಬಂದು ಹೇಳಿ, ಆ ಮೂರು ಲಘುವಿಗೂ ಬೇರೆ ಹುಡುಕೋಣ.