ಕೆಎಂಎಸ್‌ಗೆ ಪ್ರತಿ ಸಲವೂ ಅದೇ ಹಳೇ ಸಿಒಎ ಕಳಿಸ್ತಾರೆ, ಏನು ಮಾಡೋದು?

ಸ್ಕ್ವಾಷ್_ಸಕಲೇಶಪುರ:
ಮನೆ ಹಿಂದೆ ಸಣ್ಣ ಘಟಕದಲ್ಲಿ ಪ್ಯಾಶನ್ ಫ್ರೂಟ್ ಸ್ಕ್ವಾಷ್ ಮಾಡುತ್ತೇನೆ. ಅದು ಕೆಡದಂತೆ ಹಾಕುವ ಕೆಎಂಎಸ್, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಪುಡಿಯನ್ನು ಹಾಸನದ ಡೀಲರ್ ಹತ್ತಿರ ಒಂದೊಂದೇ ಕೆಜಿ ತರಿಸುತ್ತೇನೆ. ಆ ಬ್ಯಾಚ್‌ನ ಪರೀಕ್ಷಾ ಪ್ರಮಾಣಪತ್ರ, ಅಂದರೆ ಸಿಒಎ ಕೇಳಿದಾಗಲೆಲ್ಲ ವಾಟ್ಸ್‌ಆ್ಯಪ್‌ಗೆ ಒಂದೇ ಪಿಡಿಎಫ್ ಬರುತ್ತದೆ. ಅದರಲ್ಲಿ ಸಲ್ಫರ್ ಡೈಆಕ್ಸೈಡ್ 57% ಎಂದಿದೆ. ಈ ಸಲ ಕೆಲವು ಬಾಟಲಿ ಹುದುಗಿ ಮುಚ್ಚಳ ಉಬ್ಬಿದೆ. 100 ಕೆಜಿಗೆ ಯಾವಾಗಿನಂತೆ 60 ಗ್ರಾಂ ಹಾಕಿದ್ದೆ.

ಅಂಗಡಿ_ರಾಜಣ್ಣ:
ಬಿಲ್‌ನಲ್ಲಿ ಎಫ್‌ಎಸ್‌ಎಸ್‌ಎಐ ನಂಬರ್, ಚೀಲದ ಮೇಲೆ ಫುಡ್ ಗ್ರೇಡ್ ಅಂತ ಇದ್ದರೆ ಸಾಕು ಸರ್. ಒಂದು ಕೆಜಿಗೆ ಯಾರು ಸಿಒಎ ಕೊಡ್ತಾರೆ?

ಚಿಕ್ಕಮಗಳೂರು_ಕಾಫಿಪುಡಿ:
ನಾನೂ ನಮ್ಮ ಚಿಕೋರಿ ಮಿಶ್ರಣದ ಸ್ಯಾಂಪಲ್ ಲ್ಯಾಬ್‌ಗೆ ಕಳಿಸಿದ್ದೆ. ರಿಪೋರ್ಟ್ ಬರೋಕೆ ತುಂಬಾ ದಿನ ಹಿಡೀತು. ಬೇಗ ಕೊಡೋ ಲ್ಯಾಬ್ ಗೊತ್ತಾ?

ಕ್ಯೂಸಿ_ಮೇಡಂ:
ಕಾಫಿಪುಡಿ ಸರ್, ಅವರು ಕೇಳ್ತಿರೋದು ತಮ್ಮ ಸ್ಕ್ವಾಷ್ ರಿಪೋರ್ಟ್ ಅಲ್ಲ, ಕೊಂಡ ಪುಡಿಯದ್ದು.

ರಾಜಣ್ಣ ಹೇಳಿದ ನಂಬರ್ ಬೇಕೇ ಬೇಕು. ಆದರೆ ಅದರಿಂದ ಮಾರುವವರು ಯಾರು ಅಂತ ಗೊತ್ತಾಗುತ್ತದೆ, ಪುಡಿಯಲ್ಲಿ ಎಷ್ಟು ಸತ್ವ ಇದೆ ಅಂತ ಅಲ್ಲ. ಶುದ್ಧ ಕೆಎಂಎಸ್‌ನಲ್ಲಿ ಸಲ್ಫರ್ ಡೈಆಕ್ಸೈಡ್ ಸುಮಾರು 57.6% ಇರುತ್ತದೆ. 60 ಗ್ರಾಂ ಹಾಕಿದರೆ 100 ಕೆಜಿಯಲ್ಲಿ ಸುಮಾರು 345 ಪಿಪಿಎಂ. ಪುಡಿ ಗಾಳಿ, ತೇವಕ್ಕೆ ಸಿಕ್ಕಿ 45%ಗೆ ಇಳಿದಿದ್ದರೆ ಅಷ್ಟೇ ಪುಡಿಗೆ 270 ಮಾತ್ರ. ಹಾಗಂತ ಅಂದಾಜಿನ ಮೇಲೆ ಜಾಸ್ತಿ ಹಾಕಬೇಡಿ, ಸ್ಕ್ವಾಷ್‌ಗೆ ಮಿತಿ 350.

ಪಿಡಿಎಫ್‌ನ ಬ್ಯಾಚ್ ನಂಬರನ್ನು ನಿಮ್ಮ ಪೊಟ್ಟಣದ ನಂಬರ್ ಜೊತೆ ಹೋಲಿಸಿ. ನಿಮ್ಮ ಡೀಲರ್ 25 ಕೆಜಿ ಚೀಲ ಒಡೆದು ತುಂಬುತ್ತಿರಬಹುದು, ಆಗ ಪೊಟ್ಟಣದ ಮೇಲೆ ನಂಬರೇ ಇರಲ್ಲ. ಆರ್ಡರ್‌ನಲ್ಲೇ ಹೀಗೆ ಬರೆಯಿರಿ: ಮೂಲ ಚೀಲದ ಲೇಬಲ್ ಫೋಟೊ, ಅದೇ ಬ್ಯಾಚ್‌ನ ಸಿಒಎ ಎರಡೂ ಬಂದ ಮೇಲೆಯೇ ಮಾಲು ಕಳಿಸಿ. ಸಿಒಎಯಲ್ಲಿ ತಯಾರಿಸಿದ ದಿನ, ಪರೀಕ್ಷೆಯಲ್ಲಿ ಸಿಕ್ಕ ಅಂಕಿ, ಸಹಿ ಮಾಡಿದವರ ಹೆಸರು ಇರಲಿ. 'ಕನಿಷ್ಠ 55' ಎಂಬಂಥ ಸಾಲು ಬರೀ ನಿಯಮ, ಫಲಿತಾಂಶ ಅಲ್ಲ.

ಸ್ಕ್ವಾಷ್_ಸಕಲೇಶಪುರ:
ಮೇಡಂ, ಡೀಲರ್‌ಗೆ ಫೋನ್ ಮಾಡಿದೆ. ಚೀಲದ ಫೋಟೊ ಕಳಿಸಿದರು. ಪಿಡಿಎಫ್‌ಗಿಂತ ಬೇರೆ ಬ್ಯಾಚ್! ಹೊಸ ಸಿಒಎಯನ್ನು ತಯಾರಕರಿಂದ ತರಿಸಿಕೊಟ್ಟರು. ನಂಬರ್ ತಾಳೆಯಾಗುತ್ತದೆ, 56.8% ಇದೆ. ಆದರೆ ತಯಾರಾಗಿದ್ದು 14 ತಿಂಗಳ ಹಿಂದೆ, ಚೀಲ ಯಾವಾಗ ಒಡೆದರೋ ಅವರೇ ಹೇಳುತ್ತಿಲ್ಲ.

ಕ್ಯೂಸಿ_ಮೇಡಂ:
ಸಿಒಎ ಹೇಳೋದು ಕಾರ್ಖಾನೆಯಲ್ಲಿ ಪರೀಕ್ಷಿಸಿದ ದಿನದ ಮಾತು, ಚೀಲ ಒಡೆದ ಮೇಲಿನದ್ದಲ್ಲ. ಹತ್ತಿರದ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಅಯೋಡಿನ್ ಟೈಟ್ರೇಷನ್ ಮಾಡಿಸಿ. ಸ್ಯಾಂಪಲ್ ಗಾಳಿಯಾಡದ ಬಾಟಲಿಯಲ್ಲಿರಲಿ. 55ರ ಹತ್ತಿರ ಬಂದರೆ ಪುಡಿ ತಪ್ಪಲ್ಲ, ಬಾಟಲಿ ತೊಳೆಯೋದು, ಪಾಶ್ಚರೀಕರಣ ನೋಡಬೇಕು.

ಅಂಗಡಿ_ರಾಜಣ್ಣ:
ಇಷ್ಟೆಲ್ಲ ಕೇಳಿದರೆ ನಮ್ಮಂಥ ಚಿಲ್ಲರೆಯವರು ಮಾರೋದೇ ಬಿಡ್ತೀವಿ ಮೇಡಂ.

ಸ್ಕ್ವಾಷ್_ಸಕಲೇಶಪುರ:
ಹಾಗಾದ್ರೆ ಇಲ್ಲಿ ನಾಲ್ಕೈದು ಜನ ಸೇರಿ ಸೀಲ್ ಇರೋ 25 ಕೆಜಿ ಚೀಲ ತರಿಸೋಣವಾ? ಒಡೆದ ಮೇಲೆ ಹಂಚಿಕೊಂಡು ಬೇಗ ಖಾಲಿ ಮಾಡಬೇಕು, ಅದೇ ಯೋಚನೆ.